ಹೊಸ ಗುಮಾಸ್ತರಿಗೆ ಮೊದಲ ದಿನದ ಮಾತು



ಉದ್ಯೋಗಕ್ಕೆ ನೂತನವಾಗಿ ಸೇರಿದವರನ್ನು ಮೊದಲನೆಯ ದಿನ ಹೇಗೆ ಬರಮಾಡಿಕೊಳ್ಳಬೇಕು, ಆ ಹೊತ್ತಿನಲ್ಲಿ ಹಿರಿಯನಾದವನು ಆಡತಕ್ಕ ಮಾತುಗಳು ಯಾವುವು ಎಂಬ ವಿಷಯವನ್ನು ಕುರಿತು ಇಂದು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ಲೋಕದಲ್ಲಿ ಉದ್ಯೋಗಗಳು ಅನೇಕವಾಗಿರುವುದರಿಂದ ಎಲ್ಲಕ್ಕೂ ಒಪ್ಪುವಂತಹ ಒಂದು ಸ್ವಾಗತವಚನವನ್ನು ರಚಿಸಹೊರಟರೆ ಅದು ಯಾವುದಕ್ಕೂ ಒದಗದ ಸಾಮಾನ್ಯೋಕ್ತಿಗಳ ಸಂಗ್ರಹವಾದೀತು. ಆದಕಾರಣ, ನನಗೆ ಬಹುಕಾಲದ ಪರಿಚಯವಿರುವ ಒಂದೇ ಒಂದು ಸ್ಥಳವನ್ನು, ಎಂದರೆ ಸಣ್ಣ ಊರಿನ ಬ್ಯಾಂಕಿನ ಶಾಖೆಯನ್ನು, ಆರಿಸಿಕೊಳ್ಳುತ್ತೇನೆ. ಅಲ್ಲಿಗೆ ಹೊಸದಾಗಿ ನೇಮಕಗೊಂಡ ಗುಮಾಸ್ತರು ಒಬ್ಬರೋ ಇಬ್ಬರೋ ಒಂದು ಸೋಮವಾರ ಬೆಳಿಗ್ಗೆ ಬಂದು ನಿಂತಿದ್ದಾರೆ. ಶಾಖೆಯ ವ್ಯವಸ್ಥಾಪಕರು ಅವರನ್ನು ಉದ್ದೇಶಿಸಿ ಮಾತನಾಡಬೇಕಾಗಿದೆ. ಏನನ್ನು ಹೇಳಬೇಕು?

ವಾಡಿಕೆಯಾಗಿ ಹೇಳುವುದನ್ನು ನಾವೆಲ್ಲರೂ ಬಲ್ಲೆವು. ಸಂಸ್ಥೆಯ ಹಿರಿಮೆ, ಅದಕ್ಕಿರುವ ಶಾಖೆಗಳ ಸಂಖ್ಯೆ, ಅನಂತರ ಪ್ರಾಮಾಣಿಕತೆ, ನಿಷ್ಠೆ, ಸೌಜನ್ಯ, ಸಮಯಪಾಲನೆ ಎಂಬ ಗುಣನಾಮಗಳು, ಕಡೆಯಲ್ಲಿ ಶುಭಾಶಯ. ಇವುಗಳಲ್ಲಿ ಯಾವುದೂ ತಪ್ಪಾದ ಮಾತಲ್ಲ. ಆದರೆ ಕೇಳುತ್ತ ನಿಂತಿರುವ ತರುಣನ ಅಥವಾ ತರುಣಿಯ ಮನಸ್ಸು ಆ ಗಳಿಗೆಯಲ್ಲಿ ಎಲ್ಲಿದೆ ಎಂಬುದನ್ನು ಸ್ವಲ್ಪ ಯೋಚಿಸಬೇಕು. ಪರಸ್ಥಳದಿಂದ ಹಿಂದಿನ ದಿನ ಸಂಜೆಯ ಬಸ್ಸಿಗೆ ಬಂದು, ಗೊತ್ತಿಲ್ಲದ ವಸತಿಗೃಹದಲ್ಲಿ ರಾತ್ರಿ ಕಳೆದು, ನೇಮಕಪತ್ರವನ್ನೂ ಪ್ರಮಾಣಪತ್ರಗಳ ಮೂಲಪ್ರತಿಗಳನ್ನೂ ಚೀಲದಲ್ಲಿಟ್ಟುಕೊಂಡು, ಹತ್ತು ಗಂಟೆಗೆ ತೆರೆಯುವ ಬ್ಯಾಂಕಿನ ಮುಂದೆ ಒಂಬತ್ತೂವರೆಗೇ ಬಂದು ನಿಂತಿರುವ ಆ ವ್ಯಕ್ತಿಗೆ ತಾನು ಎಲ್ಲಿ ಕುಳಿತುಕೊಳ್ಳಬೇಕು, ತಿಳಿಯದಿದ್ದರೆ ಯಾರನ್ನು ಕೇಳಬೇಕು, ಮಧ್ಯಾಹ್ನದ ಊಟಕ್ಕೆ ಏನು ಗತಿ, ಈ ತಿಂಗಳಿನಲ್ಲಿ ಇಷ್ಟು ದಿನಗಳ ಸಂಬಳ ಬರುವುದೇ ಇಲ್ಲವೇ ಎಂಬ ಪ್ರಶ್ನೆಗಳು ಒಳಗೊಳಗೇ ಎದ್ದಿರುತ್ತವೆ. ಇವು ಕ್ಷುಲ್ಲಕವಾದ ಪ್ರಶ್ನೆಗಳೆಂದು ಯಾರೂ ಭಾವಿಸಕೂಡದು. ಇವುಗಳಿಗೆ ಉತ್ತರ ದೊರೆಯುವವರೆಗೂ ಬೇರೆ ಯಾವ ಮಾತೂ ಕಿವಿಯ ಹೊರಗೇ ಉಳಿಯುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಸ್ವಾಗತದ ಮಾತು ವ್ಯವಸ್ಥಾಪಕರ ಕೋಣೆಯಲ್ಲಿ ಮೇಜಿನ ಆಚೆ ಈಚೆ ಕುಳಿತು ಆಡುವುದಾಗಿರದೆ, ಗಿರಾಕಿಗಳು ಒಳಗೆ ಬರುವುದಕ್ಕೆ ಮೊದಲೇ, ಶಾಖೆಯ ಸಮಸ್ತ ಸಿಬ್ಬಂದಿಯ ನಡುವೆ ನಿಂತು ಆಡುವುದಾಗಿರಬೇಕು. ಕಸ ಗುಡಿಸಿ ನೀರು ತಂದಿಡುವವರಿಂದ ಹಿಡಿದು ಹಿರಿಯ ಅಧಿಕಾರಿಯವರೆಗೆ ಪ್ರತಿಯೊಬ್ಬರ ಹೆಸರನ್ನೂ ಹೇಳಿ ಪರಿಚಯ ಮಾಡಿಸಿದ ಮೇಲೆ ವ್ಯವಸ್ಥಾಪಕರು ಹೇಳಬಹುದು: “ಇದು ನಿಮ್ಮ ಕುರ್ಚಿ. ನಿಮ್ಮ ಪಕ್ಕದಲ್ಲಿ ಕೂರುವ ಈ ಅಮ್ಮನವರು ನಗದು ಕೌಂಟರಿನ ಕೆಲಸವನ್ನು ಚೆನ್ನಾಗಿ ಬಲ್ಲವರು. ಒಂದು ತಿಂಗಳವರೆಗೆ ನೀವು ಕೇಳುವ ಯಾವ ಪ್ರಶ್ನೆಗೂ ಉತ್ತರ ಹೇಳುವುದು ಅವರ ಕೆಲಸದ ಒಂದು ಭಾಗವೆಂದು ನಾನು ಅವರಿಗೆ ತಿಳಿಸಿದ್ದೇನೆ, ಅದಕ್ಕಾಗಿ ಅವರ ಬೇರೆ ಕೆಲಸವನ್ನು ಸ್ವಲ್ಪ ಕಡಿಮೆಯೂ ಮಾಡಿದ್ದೇನೆ. ಊಟಕ್ಕೆ ಇವತ್ತು ಎಲ್ಲರೂ ಒಟ್ಟಿಗೆ ಕೂರೋಣ. ಮನೆ ಹುಡುಕಬೇಕಾದರೆ ನಮ್ಮ ಹಳೆಯ ಜವಾನರನ್ನು ಕೇಳಿ, ಈ ಊರಿನಲ್ಲಿ ಖಾಲಿಯಿರುವ ಮನೆಗಳೆಲ್ಲ ಅವರಿಗೆ ಗೊತ್ತು.” ಇದರಲ್ಲಿ ವಾತ್ಸಲ್ಯವೆಂಬ ಪದ ಎಲ್ಲಿಯೂ ಬಂದಿಲ್ಲ; ಆದರೂ ಕೇಳಿದವನಿಗೆ ಕಾಲೂರಲು ನೆಲ ಸಿಕ್ಕಿತು. ‘ಬೇರೆ ಕೆಲಸವನ್ನು ಕಡಿಮೆ ಮಾಡಿದ್ದೇನೆ’ ಎಂಬ ಮಾತು ಇಲ್ಲಿ ಬಹುಮುಖ್ಯವಾದದ್ದು. ಏನಾದರೂ ಬೇಕಾದರೆ ಕೇಳಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕೌಂಟರಿನ ಮುಂದೆ ಇಪ್ಪತ್ತು ಜನ ನಿಂತಿರುವಾಗ ಕೇಳುವುದಕ್ಕೆ ಹೊಸಬನಿಗೆ ಧೈರ್ಯವೂ ಇರುವುದಿಲ್ಲ, ಹೇಳುವುದಕ್ಕೆ ಹಳಬನಿಗೆ ವ್ಯವಧಾನವೂ ಇರುವುದಿಲ್ಲ. ವ್ಯವಧಾನವನ್ನು ಮೊದಲೇ ಕಲ್ಪಿಸಿಕೊಟ್ಟರೆ ಮಾತ್ರ ಆಹ್ವಾನ ನಿಜವಾಗುತ್ತದೆ.

ಸಂಸ್ಥೆಯ ಚರಿತ್ರೆಯನ್ನು ಹೇಳಬಾರದೆಂದು ನಾನು ಹೇಳುವುದಿಲ್ಲ. ನಮ್ಮ ಕರಾವಳಿಯ ಬ್ಯಾಂಕುಗಳ ಚರಿತ್ರೆ ಹೇಳಿಕೊಳ್ಳತಕ್ಕಂಥದ್ದೇ. 1906ನೆಯ ಒಂದೇ ವರ್ಷದಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಒಂದು ಬ್ಯಾಂಕನ್ನೂ, ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು ಒಂದು ನಿಧಿಯನ್ನೂ ಸ್ಥಾಪಿಸಿದರು; ಮುಂದೆ ಕಾರ್ಪೊರೇಷನ್ ಬ್ಯಾಂಕು, ಕೆನರಾ ಬ್ಯಾಂಕು ಎಂದು ಪ್ರಖ್ಯಾತವಾದವು ಅವೇ. 1925ರಲ್ಲಿ ಉಡುಪಿಯಲ್ಲಿ ವೈದ್ಯರಾದ ಟಿ.ಎಂ.ಎ. ಪೈಯವರು, ಉಪೇಂದ್ರ ಅನಂತ ಪೈಯವರು ಮತ್ತು ವಾಮನ ಕುಡ್ವರು ಸೇರಿ ಆರಂಭಿಸಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ‘ಪಿಗ್ಮಿ’ ಎಂಬ ಠೇವಣಿಯನ್ನು ತಂದಿತು: ಬ್ಯಾಂಕಿನ ಪ್ರತಿನಿಧಿ ಪ್ರತಿದಿನ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸಿಕೊಂಡು ಬರುತ್ತಿದ್ದನು. ಇವುಗಳಲ್ಲಿ ಹೊಸ ಗುಮಾಸ್ತನಿಗೆ ಹೇಳಲೇಬೇಕಾದದ್ದು ಒಂದಿದ್ದರೆ ಅದು ಈ ಎರಡಾಣೆಯ ವಿಷಯ. ಏಕೆಂದರೆ ಕೌಂಟರಿನ ಆಚೆ ಕುಳಿತವನ ಕಣ್ಣಿಗೆ ನೋಟುಗಳು ಕೆಲವೇ ದಿನಗಳಲ್ಲಿ ಕೇವಲ ಎಣಿಸತಕ್ಕ ಕಾಗದಗಳಾಗಿಬಿಡುತ್ತವೆ. ನೂರು ನೋಟುಗಳಿಗೆ ಒಂದು ಕಟ್ಟು, ಹತ್ತು ಕಟ್ಟುಗಳಿಗೆ ಒಂದು ದೊಡ್ಡ ಕಟ್ಟು ಎಂಬ ಲೆಕ್ಕವಷ್ಟೇ ಉಳಿಯುತ್ತದೆ. ಅದರ ಒಂದೊಂದು ಹಾಳೆಯೂ ಯಾರದೋ ಒಂದು ದಿನದ ದುಡಿಮೆ ಎಂಬುದನ್ನು ಮೊದಲ ದಿನ ಒಮ್ಮೆ ಹೇಳಿ ಅಲ್ಲಿಗೆ ಚರಿತ್ರೆಯನ್ನು ನಿಲ್ಲಿಸಬಹುದು.

ಇನ್ನು ಮೌಲ್ಯಗಳ ವಿಚಾರ. ಕೆಲಸಕ್ಕೆ ಸೇರುವ ದಿನವೇ ಹೊಸಬರ ಮುಂದೆ ಒಂದು ಕಾಗದವನ್ನಿಟ್ಟು ಸಹಿ ಮಾಡಿಸುವ ಪದ್ಧತಿಯುಂಟು. ಅದು ನಿಷ್ಠೆಯ ಮತ್ತು ಗೋಪ್ಯಪಾಲನೆಯ ಪ್ರತಿಜ್ಞಾಪತ್ರ. ರಾಷ್ಟ್ರೀಕೃತ ಬ್ಯಾಂಕುಗಳಿಗೆ ಸಂಬಂಧಪಟ್ಟ 1970ರ ಶಾಸನವು ತನ್ನ ಹದಿಮೂರನೆಯ ವಿಧಿಯಲ್ಲಿ ಈ ಪ್ರತಿಜ್ಞೆಯನ್ನು ಕಡ್ಡಾಯಗೊಳಿಸಿದೆ. ಹತ್ತಾರು ಕಾಗದಗಳ ನಡುವೆ ಇದೂ ಒಂದಾಗಿ, ಓದದೆಯೇ ಸಹಿ ಬೀಳುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಅದನ್ನು ಸಹಿಗೆ ಕೊಡುವ ಮೊದಲು ವ್ಯವಸ್ಥಾಪಕರು ಕೈಯಲ್ಲಿ ಹಿಡಿದು, ಅದು ಯಾವ ಅನರ್ಥವನ್ನು ತಡೆಯತಕ್ಕದ್ದು ಎಂಬುದನ್ನು ಒಂದು ಪ್ರಸಂಗದ ಮೂಲಕ ಹೇಳಿದರೆ ಗೋಪ್ಯವೆಂಬುದು ಜನ್ಮವಿಡೀ ಮನಸ್ಸಿನಲ್ಲಿ ನಿಲ್ಲುತ್ತದೆ.

ಆ ಪ್ರಸಂಗ ಇಂಗ್ಲೆಂಡಿನದು. ನ್ಯಾಯವರದಿಗಳಲ್ಲಿ 1924ರ ಇಸವಿಯೊಡನೆ ಉಲ್ಲೇಖಗೊಳ್ಳುತ್ತದೆ. ಟೂರ್ನಿಯೆ ಎಂಬಾತ ನ್ಯಾಷನಲ್ ಪ್ರಾವಿನ್ಷಿಯಲ್ ಬ್ಯಾಂಕಿನಲ್ಲಿ ಖಾತೆಯಿಟ್ಟಿದ್ದನು. ಹತ್ತು ಪೌಂಡಿಗೂ ಕಡಿಮೆಯಾದ ಮೊತ್ತವನ್ನು ಖಾತೆಯಲ್ಲಿದ್ದುದಕ್ಕಿಂತ ಹೆಚ್ಚಾಗಿ ತೆಗೆದುಕೊಂಡಿದ್ದ ಆತನು ವಾರಕ್ಕೊಂದು ಪೌಂಡಿನಂತೆ ತೀರಿಸುವುದಾಗಿ ಬರೆದುಕೊಟ್ಟು, ತಾನು ಹೊಸದಾಗಿ ಸೇರಲಿದ್ದ ಕಂಪನಿಯ ವಿಳಾಸವನ್ನೂ ಕೊಟ್ಟಿದ್ದನು. ಕಂತುಗಳು ತಪ್ಪಿದುವು. ಶಾಖೆಯ ವ್ಯವಸ್ಥಾಪಕರು ಆತನ ಮನೆಯ ವಿಳಾಸವನ್ನು ತಿಳಿಯಬೇಕೆಂದು ಆ ಕಂಪನಿಗೆ ದೂರವಾಣಿ ಮಾಡಿದರು. ಮಾತು ಅಲ್ಲಿಗೆ ನಿಲ್ಲದೆ, ಆತನು ಬ್ಯಾಂಕಿಗೆ ಬಾಕಿಯಿದ್ದಾನೆಂಬುದೂ, ಜೂಜಿನ ಪಂದ್ಯಗಳಿಗೆ ಹಣ ಕಟ್ಟುತ್ತಿರುವಂತೆ ಕಾಣುತ್ತದೆಂಬುದೂ ಹೊರಬಿದ್ದುವು. ಈ ಎರಡನೆಯ ಸಂಗತಿ ಅವರಿಗೆ ತಿಳಿದದ್ದು ಆತನ ಖಾತೆಯಿಂದಲ್ಲ. ಬೇರೊಬ್ಬ ಗಿರಾಕಿ ಆತನಿಗೆ ಕೊಟ್ಟಿದ್ದ ಚೆಕ್ಕು ಪಂದ್ಯಗಾರನೊಬ್ಬನ ಖಾತೆಗೆ ಸೇರಿದ್ದುದನ್ನು ಬ್ಯಾಂಕಿನವರು ಕಂಡುಕೊಂಡಿದ್ದರು. ಪರಿಣಾಮವಾಗಿ ಕಂಪನಿಯು ಆತನ ಉದ್ಯೋಗವನ್ನು ಮುಂದುವರಿಸಲಿಲ್ಲ; ಆತನು ಬ್ಯಾಂಕಿನ ಮೇಲೆ ದಾವೆ ಹೂಡಿದನು. ಮೇಲಿನ ನ್ಯಾಯಾಲಯವು ಗಿರಾಕಿಯ ಗೋಪ್ಯವನ್ನು ಕಾಪಾಡುವುದು ಬ್ಯಾಂಕಿನ ಕರಾರಿನಲ್ಲಿಯೇ ಅಡಕವಾದ ಕರ್ತವ್ಯವೆಂದು ಸಾರಿ, ಮೊಕದ್ದಮೆಯನ್ನು ಪುನಃ ವಿಚಾರಣೆಗೆ ಕಳುಹಿಸಿತು. ಶಾಸನದ ಒತ್ತಾಯ, ಸಾರ್ವಜನಿಕರ ಕಡೆಗಿನ ಕರ್ತವ್ಯ, ಬ್ಯಾಂಕಿನ ಸ್ವಂತ ಹಿತರಕ್ಷಣೆ, ಗಿರಾಕಿಯ ಸಮ್ಮತಿ, ಈ ನಾಲ್ಕು ಸಂದರ್ಭಗಳ ವಿನಾ ಬಾಯಿ ತೆರೆಯುವಂತಿಲ್ಲವೆಂದು ಅಂದು ಹಾಕಿದ ಗೆರೆಯನ್ನೇ ನಮ್ಮ ದೇಶದ ಬ್ಯಾಂಕುಗಳೂ ಇಂದಿಗೂ ಮಾದರಿಯಾಗಿ ಇಟ್ಟುಕೊಂಡಿವೆ.

ಇದನ್ನು ಹೇಳಿದ ಮೇಲೆ ವ್ಯವಸ್ಥಾಪಕರು ಇಂಗ್ಲೆಂಡಿನಿಂದ ತಮ್ಮ ಊರಿಗೆ ಬರಬೇಕು. “ನೋಡಿ, ಅಲ್ಲಿ ಯಾರೂ ದುರುದ್ದೇಶದಿಂದ ಮಾತನಾಡಲಿಲ್ಲ, ವಿಳಾಸ ಕೇಳಲು ಹೋಗಿ ಮಾತಿಗೆ ಮಾತು ಬೆಳೆಯಿತು, ಅಷ್ಟೆ. ಇಲ್ಲಿ ನಿಮ್ಮನ್ನು ದೂರವಾಣಿಯಲ್ಲಿ ಯಾರೂ ಕೇಳುವುದಿಲ್ಲ. ನಿಮಗೆ ಮನೆ ಬಾಡಿಗೆಗೆ ಕೊಟ್ಟ ಯಜಮಾನರು ಜಗಲಿಯಲ್ಲಿ ಕುಳಿತು ಕೇಳುತ್ತಾರೆ. ಆ ಅಡಿಕೆ ವ್ಯಾಪಾರಿಯ ಸಾಲ ತೀರಿತೇ ಎನ್ನುತ್ತಾರೆ. ತಮ್ಮ ಮಗಳಿಗೆ ನೋಡುತ್ತಿರುವ ಹುಡುಗನ ಹೆಸರು ಹೇಳಿ, ಅವನ ಖಾತೆಯಲ್ಲಿ ಏನಾದರೂ ಇದೆಯೇ ಎನ್ನುತ್ತಾರೆ. ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ, ಮಗಳ ಹಿತಕ್ಕಾಗಿ ಕೇಳುತ್ತಾರೆ. ಆಗ ‘ಇದೆ’ ಎಂದರೂ ತಪ್ಪು, ‘ಇಲ್ಲ’ ಎಂದರೂ ತಪ್ಪು, ತಲೆಯಾಡಿಸಿ ನಕ್ಕರೂ ತಪ್ಪು. ‘ಯಜಮಾನರೆ, ನಿಮ್ಮ ಖಾತೆಯ ವಿಷಯ ಅವರು ಕೇಳಿದರೂ ನಾನು ಹೇಳುವುದಿಲ್ಲ’ ಎಂದುಬಿಡಿ. ಅವರಿಗೆ ಬೇಸರವಾಗುವುದಿಲ್ಲ, ಮಾರನೆಯ ದಿನ ತಮ್ಮ ಹಣವನ್ನು ನಮ್ಮಲ್ಲಿಯೇ ತಂದಿಡುತ್ತಾರೆ.” ಖಾತೆ ಮುಚ್ಚಿಹೋದ ಮೇಲೂ ಈ ಕಟ್ಟುಪಾಡು ಮುಗಿಯುವುದಿಲ್ಲವೆಂಬುದನ್ನೂ ಸೇರಿಸಿ ಹೇಳಿ, ಆಮೇಲೆ ಕಾಗದವನ್ನು ಸಹಿಗೆ ಕೊಡಬೇಕು.

ಈಗ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಸಂಗತಿಗೆ ಬರುತ್ತೇನೆ. ಪ್ರಾಮಾಣಿಕತೆಯನ್ನು ಕುರಿತು ಹೊಸಬನಿಗೆ ಏನು ಹೇಳಬೇಕು? ಕಳ್ಳತನ ಮಾಡಬೇಡ ಎಂದು ಹೇಳುವುದು ಅನಾವಶ್ಯಕ. ಕಳ್ಳತನ ಮಾಡಬೇಕೆಂದು ಬಂದವನಲ್ಲ ಅವನು. ಅವನ ಪ್ರಾಮಾಣಿಕತೆಗೆ ನಿಜವಾದ ಪರೀಕ್ಷೆ ಬರುವುದು ನಗದು ಕೌಂಟರಿನಲ್ಲಿ ಕೂತ ಮೊದಲ ಕೆಲವು ವಾರಗಳೊಳಗೆ, ಸಾಯಂಕಾಲ ನಗದು ಮುಕ್ತಾಯ ಮಾಡುವ ಹೊತ್ತಿನಲ್ಲಿ, ಲೆಕ್ಕ ಹೇಳುವ ಮೊತ್ತಕ್ಕೂ ಕೈಯಲ್ಲಿರುವ ಮೊತ್ತಕ್ಕೂ ಹೊಂದಿಕೆಯಾಗದೆ ಹೋದಾಗ. ಆ ಸಾಯಂಕಾಲಕ್ಕಾಗಿ ಅವನನ್ನು ಮೊದಲ ದಿನ ಬೆಳಿಗ್ಗೆಯೇ ಸಿದ್ಧಪಡಿಸುವುದು ಸ್ವಾಗತಭಾಷಣದ ಪ್ರಧಾನ ಕಾರ್ಯವೆಂದು ನಾನು ತಿಳಿದಿದ್ದೇನೆ.

ಒಂದು ದಿನದ ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಬೆಳಿಗ್ಗೆ ಗುಮಾಸ್ತನ ಕೈಗೆ ಬಂದದ್ದು ಎರಡು ಲಕ್ಷ ರೂಪಾಯಿ. ದಿನವಿಡೀ ಗಿರಾಕಿಗಳಿಂದ ಕಟ್ಟಿಸಿಕೊಂಡದ್ದು 3,46,500. ಕೊಟ್ಟದ್ದು, ದಾಖಲೆಯ ಪ್ರಕಾರ, 2,91,200. ಕೂಡಿ ಕಳೆದರೆ ಪೆಟ್ಟಿಗೆಯಲ್ಲಿ 2,55,300 ರೂಪಾಯಿ ಇರತಕ್ಕದ್ದು. ಎಣಿಸಿದಾಗ ಇರುವುದು 2,54,400. ಒಂಬೈನೂರು ರೂಪಾಯಿ ಕಡಿಮೆ. ಇನ್ನೊಮ್ಮೆ ಎಣಿಸಿದನು, ಅಷ್ಟೇ. ಹೊಸದಾದ ನೋಟುಗಳು ಒಂದಕ್ಕೊಂದು ಅಂಟಿಕೊಂಡಿರಬಹುದೆಂದು ಬಿಡಿಸಿ ಎಣಿಸಿದನು, ಆಗಲೂ ಅಷ್ಟೇ. ಈಗ ಅವನ ಹಣೆಯಲ್ಲಿ ಬೆವರೊಡೆಯುತ್ತದೆ. ಎಲ್ಲರೂ ಮನೆಗೆ ಹೊರಡುವ ಸಮಯ. ತನ್ನೊಬ್ಬನಿಂದ ತಿಜೋರಿ ಮುಚ್ಚುವುದು ತಡವಾಗುತ್ತಿದೆ. ಅದರ ಎರಡು ಬೀಗದಕೈಗಳಲ್ಲಿ ಒಂದೊಂದನ್ನು ಇಟ್ಟುಕೊಂಡಿರುವ ಇಬ್ಬರು ಹಿರಿಯರು ತನಗಾಗಿ ಕಾದು ನಿಂತಿದ್ದಾರೆ. ತನ್ನನ್ನು ಕೈಲಾಗದವನೆಂದು ತಿಳಿಯುವರೋ, ಕೈಯುದ್ದದವನೆಂದೇ ತಿಳಿಯುವರೋ ಎಂಬ ಭಯ. ಜೇಬಿನಲ್ಲಿ ಸಾವಿರ ರೂಪಾಯಿ ಇದೆ. ಒಂಬೈನೂರನ್ನು ಪೆಟ್ಟಿಗೆಗೆ ಸೇರಿಸಿ ‘ಸರಿಯಾಯಿತು ಸಾರ್’ ಎಂದುಬಿಟ್ಟರೆ ಎಲ್ಲವೂ ಮುಗಿಯಿತು.

ಎಷ್ಟೋ ಮಂದಿ ಒಳ್ಳೆಯ ಹುಡುಗ ಹುಡುಗಿಯರು ಈ ಕೆಲಸವನ್ನು ಮಾಡಿದ್ದಾರೆ, ಮತ್ತು ತಾವು ತ್ಯಾಗವನ್ನೇ ಮಾಡಿದೆವೆಂದು ತಿಳಿದಿದ್ದಾರೆ. ಆದರೆ ಆ ಹಣ ನಿಜವಾಗಿ ಎಲ್ಲಿ ಹೋಯಿತು ಎಂಬುದನ್ನು ಹುಡುಕಿ ನೋಡಿದರೆ ಈ ತ್ಯಾಗದ ಸ್ವರೂಪ ಬೇರೆಯಾಗಿ ಕಾಣುತ್ತದೆ. ಬ್ಯಾಂಕಿನ ಹಳಬರಿಗೆ ಒಂದು ಉಪಾಯ ತಿಳಿದಿದೆ: ವ್ಯತ್ಯಾಸದ ಮೊತ್ತವನ್ನು ಒಂಬತ್ತರಿಂದ ಭಾಗಿಸಿ ನೋಡುವುದು. ಶೇಷವಿಲ್ಲದೆ ಭಾಗವಾದರೆ, ಬರೆಯುವಾಗ ಪಕ್ಕಪಕ್ಕದ ಎರಡು ಅಂಕೆಗಳು ಸ್ಥಳ ಬದಲಾಯಿಸಿರಬಹುದು, ಇಲ್ಲವೆ ಒಂದು ಸೊನ್ನೆ ಬಿಟ್ಟುಹೋಗಿ ಐನೂರು ಐವತ್ತಾಗಿರಬಹುದು. ಇಂತಹ ತಪ್ಪುಗಳ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕವಾಗಿಯೇ ಇರುತ್ತದೆ. ಒಂಬೈನೂರು ಹಾಗೆ ಭಾಗವಾಗುತ್ತದೆ. ಆದ್ದರಿಂದ ಆ ದಿನದ ಪಾವತಿಯ ಚೀಟಿಗಳನ್ನು ಗಣಕಯಂತ್ರದ ಪಟ್ಟಿಯೊಡನೆ ಒಂದೊಂದಾಗಿ ಹೋಲಿಸುತ್ತ ಹೋದರೆ, ಒಂದು ಕಡೆ ಚೀಟಿಯಲ್ಲಿ 5,400 ಎಂದಿದೆ, ಪಟ್ಟಿಯಲ್ಲಿ 4,500 ಎಂದು ದಾಖಲಾಗಿದೆ. ಚೀಟಿಯನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಗುಮಾಸ್ತನ ಕೈಬರಹದಲ್ಲಿಯೇ ಐನೂರರ ಹತ್ತು ನೋಟು, ನೂರರ ನಾಲ್ಕು ನೋಟು ಎಂಬ ವಿವರವಿದೆ. ಕೊಟ್ಟದ್ದು 5,400 ಎಂಬುದು ಸಿದ್ಧವಾಯಿತು. ಹಣ ಕಳೆದುಹೋಗಿಲ್ಲ, ಯಾರೂ ಕದ್ದಿಲ್ಲ. ಒಬ್ಬ ಗಿರಾಕಿಯ ಖಾತೆಯಲ್ಲಿ ಕಳೆಯಬೇಕಾದದ್ದಕ್ಕಿಂತ ಒಂಬೈನೂರು ಕಡಿಮೆ ಕಳೆದಿದೆ, ಅಷ್ಟೆ. ಅಧಿಕಾರಿಯ ಒಪ್ಪಿಗೆಯೊಡನೆ ಒಂದು ತಿದ್ದುಪಡಿಯ ಚೀಟಿ ಬರೆದರೆ ಹತ್ತು ನಿಮಿಷದಲ್ಲಿ ಎಲ್ಲವೂ ಸರಿಹೋಗುತ್ತದೆ.

ಗುಮಾಸ್ತನು ತನ್ನ ಜೇಬಿನ ಹಣವನ್ನು ಸೇರಿಸಿಬಿಟ್ಟಿದ್ದರೆ? ಪೆಟ್ಟಿಗೆ ಸರಿಯಾಗುತ್ತಿತ್ತು, ಪುಸ್ತಕ ತಪ್ಪಾಗಿಯೇ ಉಳಿಯುತ್ತಿತ್ತು. ಎಲ್ಲಿಯೂ ವ್ಯತ್ಯಾಸ ಕಾಣದಿರುವುದರಿಂದ ಯಾರೂ ಹುಡುಕುತ್ತಿರಲಿಲ್ಲ. ಆ ಗಿರಾಕಿಯ ಪಾಸ್‌ಪುಸ್ತಕದಲ್ಲಿ ಅವರದ್ದಲ್ಲದ ಒಂಬೈನೂರು ರೂಪಾಯಿ ನಿಂತಿರುತ್ತಿತ್ತು. ಮುಂದೆ ಎಂದಾದರೂ ಲೆಕ್ಕಪರಿಶೋಧಕರು ಚೀಟಿಯನ್ನು ನೋಡಿದಾಗ, ಚೀಟಿ ಒಂದು ಹೇಳುತ್ತದೆ, ದಾಖಲೆ ಇನ್ನೊಂದು ಹೇಳುತ್ತದೆ, ನಗದು ಮಾತ್ರ ಅಂದು ಸರಿಯಾಗಿತ್ತು! ಇದಕ್ಕೆ ವಿವರಣೆಯೇನು? ಆ ಹುಡುಗ ನಿಜವನ್ನೇ ಹೇಳಿದರೂ ಆಗ ನಂಬುವುದು ಕಷ್ಟವಾಗುತ್ತದೆ. ಮೊದಲು ಇದ್ದದ್ದು ಒಂದು ಕೈತಪ್ಪು. ಅದನ್ನು ಮುಚ್ಚಿದ್ದರಿಂದ ಅದರ ಮೇಲೊಂದು ಸುಳ್ಳು ದಾಖಲೆ ಏರಿತು.

ಹಣ ಹೆಚ್ಚಾಗಿ ಉಳಿದಾಗಲೂ ಇದೇ ಮಾತು, ಅಲ್ಲಿ ಅಪಾಯ ಇನ್ನೂ ಹೆಚ್ಚು. ಸಂಜೆ ಏಳುನೂರು ರೂಪಾಯಿ ಅಧಿಕವಾಗಿದೆಯೆನ್ನಿ. ಇಂತಹ ಕಡೆ ವ್ಯತ್ಯಾಸದ ಅರ್ಧವನ್ನು ಹುಡುಕಬೇಕು: ಯಾರೋ ಮುನ್ನೂರೈವತ್ತು ರೂಪಾಯಿ ಕಟ್ಟಿದ್ದನ್ನು ತೆಗೆದುಕೊಂಡಂತೆ ಬರೆದಿದ್ದರೆ ಸರಿಯಾಗಿ ಅದರ ಎರಡರಷ್ಟು ಹೆಚ್ಚು ಕಾಣುತ್ತದೆ. ಕಟ್ಟಿದವರ ಖಾತೆಯಲ್ಲಿ ಮುನ್ನೂರೈವತ್ತು ಸೇರುವುದರ ಬದಲು ಮುನ್ನೂರೈವತ್ತು ಹೋಗಿದೆ. ಅವರು ಆ ಧೈರ್ಯದ ಮೇಲೆ ಶಾಲೆಯ ಶುಲ್ಕಕ್ಕೊಂದು ಚೆಕ್ಕು ಕೊಟ್ಟಿದ್ದರೆ ಅದು ನಾಳೆ ಹಿಂದಿರುಗುತ್ತದೆ. ‘ಇವತ್ತಿನ ಹೆಚ್ಚು ನಾಳೆಯ ಕಡಿಮೆಗೆ ಆದೀತು’ ಎಂದು ಡ್ರಾಯರಿನ ಮೂಲೆಯಲ್ಲಿ ಎತ್ತಿಟ್ಟ ಹಣದ ಹಿಂದೆ ಹೀಗೊಬ್ಬ ಗಿರಾಕಿಯ ಅವಮಾನ ಅಡಗಿರಬಹುದೆಂಬುದನ್ನು ಹೊಸಬನಿಗೆ ಹೇಳದಿದ್ದರೆ ಅವನು ತಾನಾಗಿ ಊಹಿಸಲಾರನು.

ಎಲ್ಲ ವ್ಯತ್ಯಾಸಗಳೂ ಹೀಗೆ ಚೀಟಿಯಲ್ಲಿಯೇ ಸಿಕ್ಕಿಬಿಡುತ್ತವೆಯೆಂದು ಭರವಸೆ ಕೊಡುವುದು ತಪ್ಪಾಗುತ್ತದೆ. ನೂರರ ನೋಟಿನ ಬದಲು ಐನೂರರದೊಂದು ಗಡಿಬಿಡಿಯಲ್ಲಿ ಕೈದಾಟಿ ಹೋಗಿದ್ದರೆ ನಾನೂರು ರೂಪಾಯಿ ಕಡಿಮೆಯಾಗುತ್ತದೆ. ನಾನೂರು ಒಂಬತ್ತರಿಂದ ಭಾಗವಾಗುವುದಿಲ್ಲ, ಚೀಟಿ ಪಟ್ಟಿಗಳೆಲ್ಲ ಒಂದಕ್ಕೊಂದು ಸರಿಯಾಗಿಯೇ ಇರುತ್ತವೆ. ಆಗ ಗಿರಾಕಿಯ ಸಜ್ಜನಿಕೆಯೇ ಗತಿ. ಅಂತಹ ಕೊರತೆಯನ್ನು ಅಂದೇ ದಾಖಲೆ ಮಾಡಿ, ಮೇಲಿನವರಿಗೆ ವರದಿ ಕೊಟ್ಟು, ನಿಯಮದಂತೆ ಗುಮಾಸ್ತನೇ ಕಡೆಗೆ ತುಂಬಿಕೊಡಬೇಕಾಗಿ ಬರುವುದೂ ಉಂಟು. ಇದನ್ನೂ ವ್ಯವಸ್ಥಾಪಕರು ಮೊದಲ ದಿನವೇ ಸ್ಪಷ್ಟವಾಗಿ ಹೇಳಬೇಕು. ಜೇಬಿನಿಂದ ಹಣ ಹೋಗುವುದು ಎರಡು ಕಡೆಯೂ ಒಂದೇ ಅಲ್ಲವೇ ಎಂದರೆ, ಅಲ್ಲ: ಒಂದು ಕಡೆ ಹುಡುಕಿ, ಬರೆದು, ರಸೀದಿ ಪಡೆದು ಕೊಟ್ಟದ್ದು, ಗಿರಾಕಿ ನಾಳೆ ನೋಟನ್ನು ಹಿಂದಕ್ಕೆ ತಂದರೆ ಅದು ಗುಮಾಸ್ತನಿಗೇ ಮರಳುತ್ತದೆ. ಇನ್ನೊಂದು ಕಡೆ ಕೊಟ್ಟದ್ದಕ್ಕೆ ಸಾಕ್ಷಿಯೇ ಇಲ್ಲ.

ಈ ಭೇದವನ್ನು ನಮ್ಮ ರಿಸರ್ವ್ ಬ್ಯಾಂಕು ಕೂಡ ಅಂಗೀಕರಿಸಿದ್ದುಂಟು. ವಂಚನೆಗಳನ್ನು ಕುರಿತ 2016ರ ಅದರ ನಿರ್ದೇಶನದಲ್ಲಿ, ದುರುದ್ದೇಶದ ಸಂಶಯವಿಲ್ಲದಿದ್ದರೂ ಹತ್ತು ಸಾವಿರ ರೂಪಾಯಿಗೆ ಮೀರಿದ ನಗದು ಕೊರತೆಯನ್ನು ವಂಚನೆಯೆಂದೇ ಪರಿಗಣಿಸಿ ವರದಿ ಮಾಡಬೇಕೆಂದು ಹೇಳಿತ್ತು. ಅದರ ಜತೆಗೇ ಮತ್ತೊಂದು ವಾಕ್ಯ: ನಗದನ್ನು ನಿರ್ವಹಿಸುವವರು ಕೊರತೆಯನ್ನು ಆದ ದಿನವೇ ತಿಳಿಸದೆ, ಅದನ್ನು ಆಡಳಿತದವರೋ ಲೆಕ್ಕಪರಿಶೋಧಕರೋ ತನಿಖಾಧಿಕಾರಿಯೋ ಪತ್ತೆ ಹಚ್ಚಿದ ಪಕ್ಷದಲ್ಲಿ ಐದು ಸಾವಿರ ಮೀರಿದರೇ ಸಾಕು. ಅಂದರೆ ಆರು ಸಾವಿರ ರೂಪಾಯಿಯ ಒಂದೇ ಕೊರತೆಯು, ತಾನಾಗಿ ಬಂದು ಹೇಳಿದವನಲ್ಲಿ ತಪ್ಪೆನಿಸಿಕೊಂಡು, ಹೇಳದೆ ಸಿಕ್ಕಿದವನಲ್ಲಿ ವಂಚನೆಯೆನಿಸಿಕೊಳ್ಳುತ್ತಿತ್ತು. ಪ್ರಾಮಾಣಿಕತೆಯ ಮೇಲೆ ಎಷ್ಟೇ ದೀರ್ಘವಾದ ಉಪದೇಶ ಮಾಡಿದರೂ ಈ ಒಂದು ಸಂಗತಿ ಮಾಡುವಷ್ಟು ಪರಿಣಾಮವನ್ನು ಮಾಡದು ಎಂಬುದು ನನ್ನ ನಂಬಿಕೆ.

ಹೀಗಿರುವುದರಿಂದ ಆ ಬೆಳಿಗ್ಗೆ ವ್ಯವಸ್ಥಾಪಕರು ಆಡತಕ್ಕ ಮಾತು ಇಷ್ಟು: “ನಿಮ್ಮ ನಗದಿನಲ್ಲಿ ಒಂದಲ್ಲ ಒಂದು ದಿನ ವ್ಯತ್ಯಾಸ ಬಂದೇ ಬರುತ್ತದೆ. ಬಂದ ದಿನ ಹತ್ತು ರೂಪಾಯಿಯಾಗಲಿ, ಹತ್ತು ಸಾವಿರವಾಗಲಿ, ಎರಡನೆಯ ಸಲ ಎಣಿಸಿದ ಕೂಡಲೆ ನನ್ನ ಬಳಿ ಬಂದು ಹೇಳಿ. ಮೂರನೆಯ ಸಲ ಎಣಿಸುವುದು ನೀವೊಬ್ಬರೇ ಅಲ್ಲ, ನಾವಿಬ್ಬರೂ ಕೂತು ಎಣಿಸೋಣ. ನಾನು ಅಂದು ನಿಮ್ಮ ಮೇಲೆ ರೇಗುವುದಿಲ್ಲ. ಗಿರಾಕಿಗಳ ಮುಂದೆಯಂತೂ ಆ ವಿಷಯ ಎತ್ತುವುದೇ ಇಲ್ಲ. ಆದರೆ ನಿಮ್ಮ ಸ್ವಂತ ಹಣವನ್ನು ಕೌಂಟರಿನ ಒಳಕ್ಕೆ ತರಬೇಡಿ. ಬೆಳಿಗ್ಗೆ ಜೇಬಿನಲ್ಲಿ ಎಷ್ಟಿದೆಯೆಂದು ಪುಸ್ತಕದಲ್ಲಿ ಬರೆದು ಒಳಗೆ ಕೂತುಕೊಳ್ಳಿ. ಮುಚ್ಚಿಟ್ಟದ್ದು ತಿಳಿದರೆ ಅದನ್ನು ನಾನು ಕ್ಷಮಿಸಲಾರೆ, ಕ್ಷಮಿಸುವ ಅಧಿಕಾರವೂ ನನಗಿಲ್ಲ.” ಈ ಮಾತಿನಲ್ಲಿ ನಿರೀಕ್ಷೆಯೂ ಇದೆ, ಅಭಯವೂ ಇದೆ. ಒಂದನ್ನು ಬಿಟ್ಟು ಒಂದನ್ನು ಹೇಳಿದರೆ ಕೆಲಸ ಕೆಡುತ್ತದೆ: ನಿರೀಕ್ಷೆಯನ್ನಷ್ಟೇ ಹೇಳಿದರೆ ಹೊಸಬನು ಮುಚ್ಚಿಡುವುದನ್ನು ಕಲಿಯುತ್ತಾನೆ, ಅಭಯವನ್ನಷ್ಟೇ ಹೇಳಿದರೆ ಎಣಿಸುವುದನ್ನು ಮರೆಯುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ ಹಿರಿಯರಿಗೇ ಸಲ್ಲುತ್ತದೆ. ರೇಗುವುದಿಲ್ಲ ಎಂದು ಹೇಳಿದವರು ರೇಗಕೂಡದು. ಮೊದಲನೆಯ ಕೊರತೆ ಬಂದ ಸಂಜೆ ವ್ಯವಸ್ಥಾಪಕರ ಮುಖ ಗಂಟಿಕ್ಕಿದರೆ, ಅಥವಾ ಮಾರನೆಯ ದಿನ ಟೀ ಕುಡಿಯುವಾಗ ಯಾರಾದರೂ ಆ ವಿಷಯವನ್ನೆತ್ತಿ ನಕ್ಕುದನ್ನು ಅವರು ಕೇಳಿಯೂ ಸುಮ್ಮನಿದ್ದರೆ, ಆ ಶಾಖೆಯಲ್ಲಿ ಆಮೇಲೆ ಎರಡನೆಯ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಿಂಗಳುಗಟ್ಟಲೆ ನಗದಿನಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಬಾರದ ಶಾಖೆಯನ್ನು ಅನುಭವಿಯಾದ ತನಿಖಾಧಿಕಾರಿ ಮೆಚ್ಚುವುದಕ್ಕಿಂತ ಮೊದಲು ಅನುಮಾನಿಸುತ್ತಾನೆ. ಮನುಷ್ಯರು ಕೈಯಿಂದ ಹಣ ಎಣಿಸುವ ಕಡೆ ಆಗೊಮ್ಮೆ ಈಗೊಮ್ಮೆ ಸಣ್ಣ ವ್ಯತ್ಯಾಸಗಳು ದಾಖಲಾಗಿರುವುದೇ ಆರೋಗ್ಯದ ಲಕ್ಷಣ.

ಗಿರಾಕಿಗಳೊಡನೆ ನಡೆದುಕೊಳ್ಳುವ ರೀತಿಯನ್ನು ಮೊದಲ ದಿನ ಬಹಳವಾಗಿ ಹೇಳಬೇಕಾಗಿಲ್ಲ. ಪಕ್ಕದ ಕುರ್ಚಿಯವರನ್ನು ನೋಡಿ ಅದು ಬರುತ್ತದೆ. ಆದರೂ ಒಂದನ್ನು ಹೇಳಿದರೆ ಒಳಿತು. ಕಾಯಿಲೆಯಿಂದಲೋ ವೃದ್ಧಾಪ್ಯದಿಂದಲೋ ಸಹಿ ಮಾಡಲಾರದವರ ಹೆಬ್ಬೆಟ್ಟಿನ ಗುರುತನ್ನು, ಕೈಯೂ ಆಡದಿದ್ದರೆ ಕಾಲ್ಬೆರಳಿನ ಗುರುತನ್ನು, ಇಬ್ಬರು ಸ್ವತಂತ್ರ ಸಾಕ್ಷಿಗಳ ಸಮಕ್ಷಮದಲ್ಲಿ ಪಡೆದು ಹಣ ಕೊಡುವುದಕ್ಕೆ ನಿಯಮದಲ್ಲಿಯೇ ಅವಕಾಶವಿದೆ. ಆ ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಹೊಸ ಗುಮಾಸ್ತನಿಗೆ ಇದು ತಿಳಿಯದಿದ್ದರೆ, ನಡುಗುವ ಕೈಯಲ್ಲಿ ಮಾಡಿದ ಸಹಿ ಹೊಂದುವುದಿಲ್ಲವೆಂದು ಪಿಂಚಣಿಗೆ ಬಂದ ಮುದುಕಿಯನ್ನು, ನಿಯಮವನ್ನು ಪಾಲಿಸಿದೆನೆಂಬ ಸಂತೋಷದಿಂದಲೇ, ಹಿಂದಕ್ಕೆ ಕಳುಹಿಸುತ್ತಾನೆ. “ಇಲ್ಲ ಎನ್ನಬೇಕಾದ ಸಂದರ್ಭ ಬಂದರೆ, ಹೇಳುವ ಮೊದಲು ಒಮ್ಮೆ ನಮ್ಮನ್ನು ಕೇಳಿ” ಎಂದು ಹೇಳಿಡುವುದು ಆ ಮುದುಕಿಗೂ ಕ್ಷೇಮ, ಆ ಹುಡುಗನಿಗೂ ಕ್ಷೇಮ.

ಇಷ್ಟೆಲ್ಲವನ್ನೂ ಹೇಳುವುದಕ್ಕೆ ಹದಿನೈದು ಇಪ್ಪತ್ತು ನಿಮಿಷಗಳು ಸಾಕು. ರಜೆಯ ನಿಯಮಗಳು, ಭವಿಷ್ಯನಿಧಿ, ಬಡ್ತಿಯ ಪರೀಕ್ಷೆಗಳು ಮುಂತಾದವನ್ನು ವಾರದ ಕೊನೆಗೆ ಬಿಡಬಹುದು; ಸಂಬಳದ ದಿನಾಂಕವನ್ನು ಮಾತ್ರ ಅಂದೇ ಹೇಳಬೇಕು. ಅಂದಿನ ಮಧ್ಯಾಹ್ನವೆಲ್ಲ ಹೊಸಬರು ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡುತ್ತಿರಲಿ, ನೋಟು ಮುಟ್ಟುವುದು ಬೇಡ. ಸಂಜೆ ನಗದು ಮುಕ್ತಾಯ ಮಾಡುವಾಗ ವ್ಯವಸ್ಥಾಪಕರು ಅವರನ್ನು ಕರೆದು ಒಂದು ದಿನದ ಚೀಟಿಗಳ ಕಟ್ಟನ್ನು ಕೈಗೆ ಕೊಟ್ಟು, ಮೇಲೆ ಹೇಳಿದ ಒಂಬತ್ತರ ಲೆಕ್ಕವನ್ನೂ ಅರ್ಧದ ಲೆಕ್ಕವನ್ನೂ ಹಿಂದೆ ಎಂದೋ ಬಂದು ಬಗೆಹರಿದ ಒಂದು ವ್ಯತ್ಯಾಸದ ಮೇಲೆ ಅವರಿಂದಲೇ ಮಾಡಿಸಿ ನೋಡಲಿ. ಗಿರಾಕಿಯ ಹೆಸರಿರುವ ಭಾಗವನ್ನು ಮಡಿಸಿ ಕೊಡುವುದನ್ನು ಮರೆಯಬಾರದು.